ಅಧ್ಯಕ್ಷರು ಮೃದಂಗ ವಿದ್ವಾಂಸರಾದದ್ದು

ನಮ್ಮ ಬಡಾವಣೆಯ ರಾಮನವಮಿ ಕಛೇರಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದ್ದು, ಪಾನಕ ಹಂಚುವ ಸರದಿಯಿಂದ ನಾನು ತಪ್ಪಿಸಿಕೊಂಡ ತಪ್ಪಿಗೆ. ಎರಡು ಕ್ಯಾಮೆರಾ, ನನ್ನ ಹಳೇ ಲ್ಯಾಪ್‌ಟಾಪು, ಅದರಲ್ಲಿ ನೇರಪ್ರಸಾರಕ್ಕೆ ಓಬಿಎಸ್ ಅನ್ನುವ ತಂತ್ರಾಂಶ. ಈ ಓಬಿಎಸ್ ಪುಕ್ಕಟೆ ಸಿಗುತ್ತದೆ ಅನ್ನುವುದೊಂದೇ ಸಮಿತಿಯವರಿಗೆ ಅರ್ಥವಾಗಿದ್ದ ತಾಂತ್ರಿಕ ವಿಷಯ. ಹಾಡು ಕೇಳಿಸಿ, ಹಾಡುವವರು ಕಾಣಿಸಿದರೆ ಸಾಕು ಅಂದುಕೊಂಡಿದ್ದೆ. ಹಿಂದಿನ ರಾತ್ರಿ ಕಾರ್ಯದರ್ಶಿಗಳ ಫೋನು: "ಟೀವಿಯಲ್ಲಿ ಬರುತ್ತಲ್ಲಪ್ಪ, ಕೆಳಗಡೆ ಪಟ್ಟಿಯಲ್ಲಿ ಹೆಸರು, ಮೂಲೆಯಲ್ಲಿ ಲೋಗೊ. ಅದೊಂದು ಹಾಕಿಬಿಡು. ಐದು ನಿಮಿಷದ ಕೆಲಸ."

ಲೋಗೊ ವಾಟ್ಸ್ಯಾಪಿನಲ್ಲಿ ಬಂತು. ಓಬಿಎಸ್‌ನಲ್ಲಿ ಕೆಳಗಡೆ `Sources` ಅಂತ ಒಂದು ಪಟ್ಟಿ ಇರುತ್ತದೆ. ಅದರ ಪ್ಲಸ್ ಗುರುತು ಒತ್ತಿ `Image` ಆರಿಸಿಕೊಂಡು ಫೈಲು ತೋರಿಸಿದರೆ ಚಿತ್ರ ಬಂದು ಕೂರುತ್ತದೆ. ಬಂದು ಕೂತಿತು, ಜೊತೆಗೆ ತನ್ನದೇ ಬಿಳಿ ಚಾಪೆಯನ್ನೂ ಹಾಸಿಕೊಂಡು. ವಾಟ್ಸ್ಯಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಜೆಪೆಗ್ ಆಗಿಬಿಡುತ್ತದೆ. ಜೆಪೆಗ್‌ಗೆ ಪಾರದರ್ಶಕ ಹಿನ್ನೆಲೆ ಅನ್ನುವುದೇ ಗೊತ್ತಿಲ್ಲ. ಪಿಎನ್‌ಜಿ ಫೈಲನ್ನು ಡಾಕ್ಯುಮೆಂಟ್ ಎಂದು ಕಳಿಸಿ ಸಾರ್ ಅಂದೆ. ಅವರ ಮಗ ಅಂತರ್ಜಾಲದ ಯಾವುದೋ ಮೂಲೆಯಿಂದ ಇನ್ನೊಂದು ಕಳಿಸಿದ. ಇದಕ್ಕೆ ಬಿಳಿ ಹಿನ್ನೆಲೆ ಇರಲಿಲ್ಲ, ಬೂದು-ಬಿಳಿ ಚೌಕುಳಿ ಇತ್ತು! ಪಾರದರ್ಶಕ ಅನ್ನುವುದಕ್ಕೆ ಗುರುತಾಗಿ ತೋರಿಸುವ ಆ ಚೌಕುಳಿಯನ್ನೇ ಯಾರೋ ಪುಣ್ಯಾತ್ಮರು ಚಿತ್ರದೊಳಕ್ಕೆ ಸೇರಿಸಿ ಉಳಿಸಿದ್ದರು. ರಾಮನ ಬಿಲ್ಲಿನ ಹಿಂದೆ ಚದುರಂಗದ ಮಣೆ. ಕೊನೆಗೆ ರಾತ್ರಿ ಹನ್ನೊಂದಕ್ಕೆ ನಾನೇ ಕೂತು ಹಿನ್ನೆಲೆ ಅಳಿಸಿ, ಪಿಎನ್‌ಜಿ ಮಾಡಿ, ಬಲಗಡೆ ಮೇಲಿನ ಮೂಲೆಗೆ ಇಟ್ಟೆ.

ಇನ್ನು ಹೆಸರು. ಆಹ್ವಾನ ಪತ್ರಿಕೆಯ ಪಿಡಿಎಫ್‌ನಿಂದ ನಕಲು ತೆಗೆದರೆ ತಪ್ಪಾಗುವುದಿಲ್ಲ ಎಂಬ ಜಾಣತನ ನನ್ನದು. ಅಂಟಿಸಿದರೆ "ಶ್ರೀ" ಇರಬೇಕಾದ ಕಡೆ `²æÃ` ಅಂತ ಬಂತು. ಅಚ್ಚುಕೂಟದವರು ಹಳೇ ಪದ್ಧತಿಯ ನುಡಿ ಅಕ್ಷರದಲ್ಲಿ ಟೈಪು ಮಾಡಿದ್ದರು. ಅದು ಆ ಫಾಂಟು ಹಾಕಿಕೊಂಡಾಗ ಮಾತ್ರ ಕನ್ನಡ. ಸರಿ, ಯೂನಿಕೋಡಿನಲ್ಲಿ ನಾನೇ ಟೈಪಿಸಿದೆ: "ಅಧ್ಯಕ್ಷರು, ಸ್ವಾಗತ ಸಮಿತಿ". ಪರದೆ ಮೇಲೆ ಬಂದದ್ದು ನೋಡಿ ನನ್ನ ಪ್ರಾಥಮಿಕ ಶಾಲೆಯ ಮೇಷ್ಟರು ನೆನಪಾದರು. ಒಂದು ಒತ್ತಕ್ಷರವೂ ಕೆಳಗಿಳಿದಿರಲಿಲ್ಲ. "ಅಧ್‌ಯಕ್‌ಷರು" ಅನ್ನುವ ಹಾಗೆ ಎಲ್ಲರೂ ಒಂದೇ ಸಾಲಿನಲ್ಲಿ ಸಾಮೂಹಿಕ ಭೋಜನಕ್ಕೆ ಕೂತಿದ್ದರು. "ಸಮಿತಿ"ಯಲ್ಲಿ ಮಕಾರ ತನ್ನ ತಲೆಕಟ್ಟು ಕಳಚದೆ ನಿಂತಿತ್ತು, ಗುಡಿಸು ಬಾಡಿಗೆದಾರನ ಹಾಗೆ ಪಕ್ಕದಲ್ಲಿ ಬೇರೆ ಮನೆ ಮಾಡಿಕೊಂಡಿತ್ತು.

ಫಾಂಟು ಬದಲಿಸಿದೆ. ಮೂರು ಸಲ. ಪ್ರತಿ ಸಲವೂ ಅದೇ ಪಂಕ್ತಿ. ದೋಷ ಫಾಂಟಿನದಲ್ಲ ಅಂತ ಹೊಳೆಯುವುದಕ್ಕೆ ಹನ್ನೆರಡೂವರೆ ಆಯಿತು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಅಲ್ಲಿ ಓಬಿಎಸ್ ಕೊಡುವ ಪಠ್ಯದ ಸೋರ್ಸು `Text (FreeType 2)`. ಅದು ಒಂದೊಂದೇ ಅಕ್ಷರದ ಆಕಾರ ಎತ್ತಿಕೊಂಡು ಎಡದಿಂದ ಬಲಕ್ಕೆ ಜೋಡಿಸುತ್ತಾ ಹೋಗುತ್ತದೆ. ಧಕಾರ, ಹಲಂತ, ಯಕಾರ ಮೂರೂ ಕೂಡಿ "ಧ್ಯ" ಆಗಬೇಕು ಅನ್ನುವ ಲೆಕ್ಕ ಅದಕ್ಕಿಲ್ಲ. ಇಂಗ್ಲಿಷಿಗೆ ಇದರಿಂದ ಏನೂ ತೊಂದರೆಯಿಲ್ಲ, ಅಲ್ಲಿ ಯಾರೂ ಯಾರ ಕೆಳಗೂ ಕೂರುವುದಿಲ್ಲ. ವಿಂಡೋಸ್ ಇದ್ದವರು ಬಚಾವು: ಅಲ್ಲಿನ `Text (GDI+)` ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ.

ನನಗಿದ್ದ ಉಪಾಯ `Browser` ಸೋರ್ಸು. ಓಬಿಎಸ್ ತನ್ನ ಹೊಟ್ಟೆಯೊಳಗೆ ಒಂದು ಪುಟ್ಟ ಬ್ರೌಸರ್ ಇಟ್ಟುಕೊಂಡಿದೆ, ಬ್ರೌಸರಿಗೆ ಕನ್ನಡ ಬರುತ್ತದೆ. `name.html` ಅಂತ ಒಂದು ಫೈಲು ಮಾಡಿದೆ:

```html
<meta charset="utf-8">
<div style="display:inline-block; padding:12px 30px;
 font:48px 'Noto Sans Kannada'; color:white;
 background:#7a1f1f">ಅಧ್ಯಕ್ಷರು, ಸ್ವಾಗತ ಸಮಿತಿ</div>
```

(ಹೆಸರಿನ ಸಾಲನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅವರು ಓದುತ್ತಾರೆ.) ಫೈಲಿನ ಮೊದಲ ಸಾಲು ಹಾಕದಿದ್ದರೆ ಮತ್ತೆ `²æÃ` ಥರದ್ದೇ ಏನಾದರೂ ಬರಬಹುದು. `Local file` ಗುರುತು ಹಾಕಿ ಫೈಲು ತೋರಿಸಿದ ಕೂಡಲೇ ಅಧ್ಯಕ್ಷರು ಒತ್ತಕ್ಷರ ಸಮೇತ ಕುಂಕುಮ ಬಣ್ಣದ ಪಟ್ಟಿಯಲ್ಲಿ ಪ್ರತ್ಯಕ್ಷರಾದರು. ಪಟ್ಟಿಯ ಸುತ್ತಲಿನ ಹಿನ್ನೆಲೆ ತಾನಾಗಿಯೇ ಪಾರದರ್ಶಕ. ಅದಕ್ಕೆ ಬೇಕಾದ ಸಾಲು ಓಬಿಎಸ್‌ನ `Custom CSS` ಡಬ್ಬಿಯಲ್ಲಿ ಮೊದಲೇ ಇರುತ್ತದೆ. ಆ ಸಂತೋಷದಲ್ಲಿ ನಿದ್ದೆ ಬಂತು.

ಮಾರನೆಯ ಸಂಜೆ ಓಬಿಎಸ್‌ನಲ್ಲಿ ಎರಡು ಸೀನು ಮಾಡಿಕೊಂಡೆ, ಅಂದರೆ ಬೇಕೆಂದಾಗ ಬದಲಿಸಬಹುದಾದ ಎರಡು ದೃಶ್ಯ. ಒಂದು ವೇದಿಕೆಯದು, ಇನ್ನೊಂದು ಭಾಷಣದ ಮೈಕಿನದು. ಮೈಕಿನ ಸೀನಿನಲ್ಲಿ ಹೆಸರಿನ ಪಟ್ಟಿ ಆಗಲೇ ಇತ್ತಲ್ಲ, ವೇದಿಕೆಯ ಸೀನಿಗೆ ಮತ್ತೆ ಯಾಕೆ ಮಾಡಲಿ ಅಂತ `Add Existing` ಒತ್ತಿ ಅದನ್ನೇ ತಂದೆ. ಪಟ್ಟಿ ತುಸು ಕೆಳಗೆ ಕೂರಿಸಿದರೆ ಮೊಬೈಲಿನಲ್ಲಿ ಯೂಟ್ಯೂಬಿನ ಗುಂಡಿಗಳು ಅದರ ಮೇಲೆ ಬರುತ್ತಿದ್ದವು. ಮೇಲೆ ತಂದರೆ ಮೃದಂಗವೇ ಮುಚ್ಚಿಹೋಗಿ, ವಿದ್ವಾಂಸರು ತಮ್ಮ ಹೆಸರನ್ನೇ ಬಾರಿಸುತ್ತಿರುವ ಹಾಗೆ ಕಾಣುತ್ತಿತ್ತು. ಟೀವಿಯ ಲೆಕ್ಕ ನಿಂತವರಿಗೆ, ಕುರ್ಚಿಯ ಮೇಲೆ ಕೂತವರಿಗೆ. ಚಕ್ಕಳಮಕ್ಕಳ ಹಾಕಿ ಕೂತ ನಮ್ಮ ಕಛೇರಿಗೆ ಅಲ್ಲ. ಎಡಕ್ಕೆ ತಂಬೂರಿಯ ಮುಂದೆ ಸರಿಸಿ ಉಸಿರುಬಿಟ್ಟೆ.

ತನಿ ಆವರ್ತನ ಶುರುವಾಯಿತು. ಫೈಲು ತೆರೆದು, ಅಧ್ಯಕ್ಷರನ್ನು ಅಳಿಸಿ, ಮೃದಂಗದವರ ಹೆಸರು, ಕೆಳಗೆ "ಮೃದಂಗ" ಅಂತ ಬರೆದು ಉಳಿಸಿದೆ. ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಫೈಲು ಬದಲಾದದ್ದನ್ನು ಓಬಿಎಸ್‌ಗೆ ಹೇಳಬೇಕು, ಸೋರ್ಸಿನ ಪ್ರಾಪರ್ಟೀಸ್‌ಗೆ ಹೋಗಿ `Refresh cache of current page` ಒತ್ತಬೇಕು. ಒತ್ತಿದೆ. ಬದಲಾಯಿತು. ಚೆನ್ನಾಗಿತ್ತು.

ತನಿ ಮುಗಿಯಿತು, ಅಧ್ಯಕ್ಷರು ಮೈಕಿನ ಮುಂದೆ ಬಂದರು, ನಾನು ಸೀನು ಬದಲಿಸಿದೆ. ಶಾಲು ಹೊದ್ದ ಅಧ್ಯಕ್ಷರು, ಅವರ ಕೆಳಗೆ ಇನ್ನೊಬ್ಬರ ಹೆಸರು, ಅದರ ಕೆಳಗೆ "ಮೃದಂಗ".

ಎರಡು ಸೀನಿನಲ್ಲಿದ್ದರೂ ಅದು ಒಂದೇ ಸೋರ್ಸು. `Add Existing` ಅಂದರೆ ನಕಲಲ್ಲ, ಅದೇ ಆಸಾಮಿ ಎರಡು ಕಡೆ ಹಾಜರಿ ಹಾಕುವುದು. ಎರಡು ಫೈಲು, ಎರಡು ಬೇರೆ ಸೋರ್ಸು ಮಾಡಬೇಕಿತ್ತು. `Sources`ನಲ್ಲಿ ಆ ಸೋರ್ಸಿನ ಪಕ್ಕದ ಕಣ್ಣಿನ ಗುರುತು ಒತ್ತಿದ್ದರೆ ಹೆಸರು ಸದ್ಯಕ್ಕೆ ಮರೆಯಾದರೂ ಆಗುತ್ತಿತ್ತು. ಅದು ಈಗ ಹೊಳೆಯುತ್ತಿದೆ. ಆಗ ಬೆವರುತ್ತಾ ಫೈಲು ತಿದ್ದಿದೆ, ಉಳಿಸಿದೆ, ರಿಫ್ರೆಶ್ ಮರೆತೆ. ಅಷ್ಟರಲ್ಲಿ ಡಲ್ಲಾಸಿನ ಭಾವನ ಸಂದೇಶ: "ಅಧ್ಯಕ್ಷರು ಮೃದಂಗ ಯಾವಾಗ ಕಲಿತರು?" ರಿಫ್ರೆಶ್ ಒತ್ತಿದೆ. ಸರಿಹೋಯಿತು. ಮತ್ತೆ ಸಂದೇಶ: "ಇನ್ನೂ ಮೃದಂಗಾನೇ ಇದೆ." ಏನೋ ಕೆಟ್ಟಿತು ಅಂತ ಮತ್ತೆ ಫೈಲಿಗೆ ಕೈಹಾಕಿ, ಸರಿಯಿದ್ದದ್ದನ್ನು ಕೆಡಿಸಿ ಮೃದಂಗಕ್ಕೇ ವಾಪಸು ಹೋದೆ. ಯೂಟ್ಯೂಬು ನಮ್ಮ ಸದ್ಯವನ್ನು ಹತ್ತಿಪ್ಪತ್ತು ಸೆಕೆಂಡು ತಡವಾಗಿ ತೋರಿಸುತ್ತದೆ. ಭಾವ ಬೈಯುತ್ತಿದ್ದುದು ಆಗಲೇ ತೀರಿಹೋದ ತಪ್ಪಿಗೆ. ಹೀಗೆ ನಾವಿಬ್ಬರೂ ಸೇರಿ ಅಧ್ಯಕ್ಷರನ್ನು ಹನ್ನೊಂದು ನಿಮಿಷ ಮೃದಂಗ ವಿದ್ವಾಂಸರಾಗಿ ಉಳಿಸಿಕೊಂಡೆವು.

ಬೆಳಗ್ಗೆ ಅಧ್ಯಕ್ಷರೇ ಮನೆಗೆ ಬಂದರು. "ಅದನ್ನ ಒರೆಸಿಹಾಕೋಕಾಗಲ್ವೇನಪ್ಪ?" ಹೆಸರು ವಿಡಿಯೊದೊಳಗೇ ಬೆರೆತುಹೋಗಿರುತ್ತದೆ ಸಾರ್, ಅದನ್ನು ಮಾತ್ರ ಕಿತ್ತು ತೆಗೆಯಲಾಗುವುದಿಲ್ಲ, ಬೇಕಾದರೆ ಅಷ್ಟೂ ಭಾಗವನ್ನು ಕತ್ತರಿಸಬಹುದು ಅಂದೆ. ಅವರು ಮುಖ ಸಣ್ಣ ಮಾಡಿಕೊಂಡು ಹೋದರು. ಸಂಜೆ ಕಾರ್ಯದರ್ಶಿಗಳ ಫೋನು.

"ಭಾಷಣ ಪೂರ್ತಿ ಕತ್ತರಿಸಬಹುದಂತೆ, ಹೌದಾ?"

"ಹೌದು ಸಾರ್."

"ನೇರಪ್ರಸಾರ ಆಗ್ತಿರುವಾಗಲೇ ಆಗತ್ತಾ? ಮುಂದಿನ ವರ್ಷಕ್ಕೆ ಕೇಳ್ತಾ ಇದೀನಿ."