ಅಪ್ಪ ತೀರಿಕೊಂಡ ಮೇಲೆ ಮನೆ ಮಾರುವುದಿದ್ದರೆ, ಮೊದಲು ಕೋರ್ಟಿನ ಅನುಮತಿ

ವಕೀಲಿಕೆಯಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. "ಸಾರ್, ಖಾತೆ ನನ್ನ ಹೆಸರಿಗೇ ಆಗಿದೆ. ಮಕ್ಕಳು ನನ್ನವೇ. ನಾನು ಮಾರೋಕೆ ಕೋರ್ಟನ್ನ ಯಾಕೆ ಕೇಳ್ಬೇಕು?" ಗಂಡನನ್ನು ಕಳೆದುಕೊಂಡ ತಾಯಿ ಹೀಗೆ ಕೇಳಿದಾಗ ಅವರ ನೋವು ಅರ್ಥವಾಗುತ್ತದೆ. ಹೆತ್ತ ತಾಯಿಯನ್ನೇ ಅನುಮಾನಿಸಿದ ಹಾಗೆ ಅನಿಸುತ್ತದೆ, ಅಲ್ವಾ? ಆದರೂ ಮಕ್ಕಳು ಮೈನರ್ ಆಗಿದ್ದರೆ, ಅಂದರೆ 18 ತುಂಬಿರದಿದ್ದರೆ, ಅನುಮತಿ ತೆಗೆದುಕೊಳ್ಳಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಒಂದು ಕುಟುಂಬದ ಉದಾಹರಣೆಯಲ್ಲೇ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಗಂಡ ಸ್ವಂತ ದುಡಿಮೆಯಲ್ಲಿ ಸೈಟು ಕೊಂಡು, ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿದ್ದರು. ಉಯಿಲು ಬರೆಯದೆ ತೀರಿಹೋದರು. ಮನೆಯಲ್ಲಿ ಹೆಂಡತಿ, 14 ವರ್ಷದ ಮಗ, 9 ವರ್ಷದ ಮಗಳು, ಮತ್ತೆ ಅತ್ತೆ. ಪೌತಿ ಖಾತೆ ಹೆಂಡತಿ ಒಬ್ಬರ ಹೆಸರಿಗೇ ಆಯಿತು. ಎಲ್ಲರೂ ಎಡವುವುದು ಇಲ್ಲೇ. ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆ ಮನೆಗೆ ನಾಲ್ಕು ಜನ ವಾರಸುದಾರರು: ಹೆಂಡತಿ, ಮಗ, ಮಗಳು, ಮತ್ತು ತೀರಿಹೋದವರ ತಾಯಿ. ಅತ್ತೆಯನ್ನು ಬಹಳ ಜನ ಮರೆತೇಬಿಡುತ್ತಾರೆ. ಒಬ್ಬೊಬ್ಬರಿಗೆ ಕಾಲು ಭಾಗ. ಅಂದರೆ ಮನೆಯ ಅರ್ಧ ಆ ಇಬ್ಬರು ಮಕ್ಕಳದ್ದು.

ತಾಯಿ ತನ್ನ ಕಾಲು ಭಾಗಕ್ಕೆ ತಾನೇ ಒಡತಿ. ಮಕ್ಕಳ ಭಾಗಕ್ಕೆ ಅವರು ಪೋಷಕಿ ಮಾತ್ರ. ಅದೇ ವರ್ಷ ಬಂದ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಂ ಹೇಳುವುದು ಇಷ್ಟು: ಪೋಷಕರು ಮೈನರ್ ಮಕ್ಕಳ ಸ್ಥಿರಾಸ್ತಿಯನ್ನು ಕೋರ್ಟಿನ ಪೂರ್ವಾನುಮತಿ ಇಲ್ಲದೆ ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ. ಪೋಷಕರು ಅಪ್ಪನೇ ಆಗಿದ್ದರೂ ನಿಯಮ ಇದೇ. ಮಕ್ಕಳ ಪರವಾಗಿ ತಾಯಿಯೇ ತನ್ನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು ಆಮೇಲೆ ಮಾರುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದೂ ಮಕ್ಕಳ ಆಸ್ತಿಯನ್ನು ಕೈ ಬದಲಾಯಿಸುವುದೇ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಅನುಮತಿ ಇಲ್ಲದೆ ಮಾರಿದರೆ ಏನಾಗುತ್ತದೆ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗಿಬಿಡಬಹುದು. "ಮೈನರ್ ಮಕ್ಕಳ ಪರವಾಗಿ ತಾಯಿ" ಅಂತ ಬರೆದು, ಫೋಟೋ ತೆಗೆದು, ಹೆಬ್ಬೆಟ್ಟು ಒತ್ತಿಸಿ ಕೊಟ್ಟಿರುವ ಎಷ್ಟೋ ಪತ್ರಗಳು ನನ್ನ ಮೇಜಿನ ಮೇಲೆ ಬಂದಿವೆ. ಆದರೆ ನೋಂದಣಿಯಿಂದ ಆ ದೋಷ ಹೋಗುವುದಿಲ್ಲ. ಮಕ್ಕಳ ಪಾಲಿನ ಮಟ್ಟಿಗೆ ಆ ಮಾರಾಟವನ್ನು ತಳ್ಳಿಹಾಕುವ ಹಕ್ಕು ಮಕ್ಕಳ ಕೈಯಲ್ಲಿ ಉಳಿದಿರುತ್ತದೆ. ದಾವೆ ಹಾಕಲು 18 ತುಂಬಿದ ಮೇಲೆ 3 ವರ್ಷ ಕಾಲಾವಕಾಶ. ಆ 9 ವರ್ಷದ ಹುಡುಗಿಗೆ 21 ಆಗಬೇಕು. ಅಲ್ಲಿಯವರೆಗೆ, ಅಂದರೆ 12 ವರ್ಷ, ಕೊಂಡವರ ಹಕ್ಕು ತೂಗಾಡುತ್ತಲೇ ಇರುತ್ತದೆ.

ದಾವೆ ಬರದಿದ್ದರೆ ಬಚಾವ್ ಅಂದುಕೊಳ್ಳುವ ಹಾಗೂ ಇಲ್ಲ. ದಾವಣಗೆರೆಯ ಒಂದು ಕೇಸಿನಲ್ಲಿ ಅಪ್ಪ ಅನುಮತಿ ಇಲ್ಲದೆ ಮಕ್ಕಳ ನಿವೇಶನ ಮಾರಿದ್ದರು. ಮಕ್ಕಳು ದೊಡ್ಡವರಾದ ಮೇಲೆ ದಾವೆ ಹಾಕಲಿಲ್ಲ, ಅದೇ ನಿವೇಶನವನ್ನು ತಾವೇ ಬೇರೆಯವರಿಗೆ ಮಾರಿಬಿಟ್ಟರು. ಸಕಾಲದಲ್ಲಿ ಹಾಗೆ ಸ್ಪಷ್ಟವಾಗಿ ನಡೆದುಕೊಂಡರೂ ಅಪ್ಪನ ಮಾರಾಟವನ್ನು ತಿರಸ್ಕರಿಸಿದಂತೆಯೇ, ದಾವೆ ಹಾಕಲೇಬೇಕು ಅಂತಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲು ಕೊಂಡವರ ಕಡೆಯವರು ಸೋತರು.

ಕೊಳ್ಳುವವರಿಗೂ ಇದು ಗೊತ್ತು. ಹಾಗಾಗಿಯೇ ಅನುಮತಿ ಇಲ್ಲದ ಮನೆಗೆ ಕಡಿಮೆ ಬೆಲೆ ಕೇಳುತ್ತಾರೆ. ನಾನು ಹೇಳುತ್ತಿರುವ ಮನೆಯನ್ನು ಹತ್ತಿರದ ನೆಂಟರೊಬ್ಬರು 50 ಲಕ್ಷಕ್ಕೆ ಕೇಳಿದ್ದರು. "ಕೋರ್ಟು ಗೀರ್ಟು ಬೇಡಮ್ಮ, ಸುಮ್ನೆ ಸೈನ್ ಹಾಕು, ನಾವಿದ್ದೀವಲ್ಲ" ಅಂದಿದ್ದರು. ಆಕೆ ಒಪ್ಪಲಿಲ್ಲ. ಆಸ್ತಿ ಇರುವ ಜಿಲ್ಲೆಯ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಹಾಕಿದೆವು. ಬೆಂಗಳೂರು ನಗರದ ಆಸ್ತಿಯಾಗಿದ್ದರೆ ಸಿಟಿ ಸಿವಿಲ್ ಕೋರ್ಟ್.

ಕೋರ್ಟು ಅನುಮತಿ ಕೊಡುವುದು ಎರಡೇ ಕಾರಣಕ್ಕೆ: ಮಾರುವ ಅಗತ್ಯ ಇರಬೇಕು, ಇಲ್ಲವೇ ಮಾರುವುದರಿಂದ ಮಗುವಿಗೆ ಕಣ್ಣಿಗೆ ಕಾಣುವಂಥ ಲಾಭ ಇರಬೇಕು. "ಒಳ್ಳೆ ರೇಟ್ ಬಂದಿದೆ" ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಮಕ್ಕಳ ಜನನ ಪ್ರಮಾಣಪತ್ರ, ಇಸಿ ಎಲ್ಲ ಮಾಮೂಲಿ. ಕೇಸನ್ನು ಗಟ್ಟಿ ಮಾಡಿದ್ದು ಬೇರೆ ಮೂರು ಕಾಗದ. 20 ಲಕ್ಷ ಸಾಲ ಬಾಕಿ ಇದೆ, ಕಂತು ನಿಂತಿದೆ ಅಂತ ತೋರಿಸುವ ಬ್ಯಾಂಕಿನ ನೋಟಿಸು. ಆಕೆಯ ಸಂಬಳದ ಚೀಟಿ. ಮನೆಯ ಮೌಲ್ಯಮಾಪನ ವರದಿ. ಅತ್ತೆ ಬಂದು ತಮ್ಮ ಒಪ್ಪಿಗೆ ಹೇಳಿದರು. ನ್ಯಾಯಾಧೀಶರು ತಾಯಿಯನ್ನು ಸಾಕ್ಷಿ ಕಟ್ಟೆಯಲ್ಲಿ ನಿಲ್ಲಿಸಿ ನೇರವಾಗಿ ಕೇಳಿದರು: ಮಾರಿದ ಮೇಲೆ ಎಲ್ಲಿರ್ತೀರಿ? ಮಕ್ಕಳ ದುಡ್ಡು ಏನು ಮಾಡ್ತೀರಿ? ಇವಕ್ಕೆ ಉತ್ತರ ಇಲ್ಲದೆ ಅರ್ಜಿ ಹಾಕಬಾರದು.

ಮೌಲ್ಯಮಾಪನದಲ್ಲಿ 60 ಲಕ್ಷ ಬಂತು. ಅಷ್ಟಕ್ಕಿಂತ ಕಡಿಮೆಗೆ ಮಾರಬಾರದು ಅಂತ ಆದೇಶದಲ್ಲೇ ಷರತ್ತಾಯಿತು. ಆ ಬೆಲೆಗೇ ಬೇರೊಬ್ಬರು ಕೊಂಡರು. ಸಾಲ ತೀರಿಸಿ ಉಳಿದದ್ದು 40 ಲಕ್ಷ, ತಲಾ 10. ಮಕ್ಕಳ 20 ಲಕ್ಷವನ್ನು ಅವರವರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ 18 ತುಂಬುವವರೆಗೆ ಠೇವಣಿ ಇಟ್ಟು, ರಸೀದಿಯನ್ನು ಕೋರ್ಟಿಗೆ ಕೊಡಬೇಕಾಯಿತು. ಬಡ್ಡಿಯನ್ನು ಓದಿಗೆ ಬಳಸಬಹುದು. ಅಸಲು ಬೇಕಾದರೆ ಮತ್ತೆ ಅರ್ಜಿ. ಕ್ರಯಪತ್ರದಲ್ಲಿ ಆದೇಶದ ನಂಬರು, ತಾರೀಕು ಬರೆಸಿ, ದೃಢೀಕೃತ ನಕಲನ್ನು ಜೊತೆಗಿಟ್ಟೆವು. ಮಕ್ಕಳ ಪಾಲಿನ ದುಡ್ಡು ಅವರ ಹೆಸರಿನ ಡಿಡಿಯಲ್ಲೇ ಬಂತು.

ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ ಅನ್ನುವುದು ನಿಜ. ಕರಾರುಪತ್ರ ಮಾಡಿಕೊಳ್ಳುವವರು ಅದಕ್ಕೆ ತಕ್ಕಂತೆ ಗಡುವು ಇಟ್ಟುಕೊಳ್ಳಿ. "ಕೋರ್ಟಿನ ಅನುಮತಿ ಸಿಕ್ಕರೆ ಮಾತ್ರ" ಅನ್ನುವ ಷರತ್ತು ಹಾಕಿ, ಸಿಗದಿದ್ದರೆ ಮುಂಗಡ ಹೇಗೆ ವಾಪಸ್ ಅನ್ನುವುದನ್ನೂ ಬರೆಸಿ. ಮೊದಲು ಮಾರಿ ಆಮೇಲೆ ಅನುಮತಿ ತರುತ್ತೇವೆ ಅಂದರೆ ನಡೆಯುವುದಿಲ್ಲ.

ಇನ್ನೊಂದು ಮಾತು. ಒಡೆಯದ ಅವಿಭಕ್ತ ಕುಟುಂಬದ ಆಸ್ತಿಯನ್ನು ಮನೆಯ ಯಜಮಾನ ಕುಟುಂಬದ ಅಗತ್ಯಕ್ಕೆ ಮಾರಿದರೆ, ಅದರಲ್ಲಿರುವ ಮೈನರ್ ಪಾಲಿಗೆ ಈ 8ನೇ ಕಲಂ ಅನ್ವಯಿಸುವುದಿಲ್ಲ. ಆದರೆ ಅಪ್ಪನ ಸ್ವಯಾರ್ಜಿತ ಆಸ್ತಿಯನ್ನೂ "ಪಿತ್ರಾರ್ಜಿತ" ಅಂತ ಕರೆದು ಈ ವಿನಾಯಿತಿಯಲ್ಲಿ ತೂರಿಸುವವರಿದ್ದಾರೆ. ಆಸ್ತಿ ಮೂಲದಲ್ಲಿ ಯಾರಿಗೆ ಹೇಗೆ ಬಂತು ಅನ್ನುವ ಪತ್ರ ನೋಡದೆ ಅದನ್ನು ನಂಬಬೇಡಿ. ಮುಸ್ಲಿಂ ಕುಟುಂಬಗಳಲ್ಲಂತೂ ತಾಯಿ ಮಕ್ಕಳ ಆಸ್ತಿಗೆ ತಾನಾಗಿಯೇ ಪೋಷಕಿ ಆಗುವುದಿಲ್ಲ. ಮೊದಲು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿನಿಂದ ನೇಮಕ ಆಗಬೇಕು.

ಈಗಾಗಲೇ ಇಂಥ ಆಸ್ತಿ ಕೊಂಡುಬಿಟ್ಟಿದ್ದರೆ ಹೆದರಿ ಕೂರಬೇಡಿ. ಮಕ್ಕಳಿಗೆ 18 ತುಂಬಿದ ಮೇಲೆ ಅವರೇ ಹಳೆಯ ಮಾರಾಟವನ್ನು ಒಪ್ಪಿಕೊಳ್ಳಬಹುದು. ಒಪ್ಪಿದರೆ ಅವರ ಸಹಿಯಿಂದ ದೃಢೀಕರಣ ಪತ್ರ ಬರೆಸಿ ನೋಂದಣಿ ಮಾಡಿಸಿಕೊಳ್ಳಿ. ಅವರು ಅದಕ್ಕೆ ನ್ಯಾಯವಾದ ದುಡ್ಡು ಕೇಳಿದರೆ ಕೊಡಿ. ಆ ಪಾಲು ಅವರದ್ದೇ ಆಗಿತ್ತು.