ಅಂಗಡಿ ಮುಚ್ಚುವ ಸುದ್ದಿ: ತಿಂಗಳು ಮೊದಲೇ ಹೇಳಬೇಕಾ, ಕೊನೇ ದಿನ ಹಣ ಕೊಟ್ಟು ಹೇಳಿದರೆ ಸಾಕಾ?

ಮಲ್ಲೇಶ್ವರದ ಒಂದು ಸ್ಕೂಲ್ ಯೂನಿಫಾರಂ ಅಂಗಡಿ ಜೂನ್ 30ಕ್ಕೆ ಬಾಗಿಲು ಮುಚ್ಚಿತು. ಏಳು ಜನ ಕೆಲಸಕ್ಕಿದ್ದರು. ಅವರಿಗೆ ವಿಷಯ ಗೊತ್ತಾಗಿದ್ದು ಅವತ್ತು ಸಂಜೆ, ಆ ತಿಂಗಳ ಸಂಬಳದ ಜೊತೆ ಇನ್ನೊಂದು ತಿಂಗಳ ಸಂಬಳ ಕೈಗೆ ಬಂದಾಗ. ಹೀಗೆ ಮಾಡಿದ್ದು ಸರಿಯಾ? ಅಂಗಡಿಯ ಲೆಕ್ಕ ಬರೆಯುತ್ತಿದ್ದವರೂ ಯಜಮಾನರೂ ಇಲ್ಲಿ ತಮ್ಮ ತಮ್ಮ ಮಾತು ಬರೆದಿದ್ದಾರೆ.

ಪರ: ತಿಂಗಳು ಮೊದಲೇ, ಬರಹದಲ್ಲೇ ಹೇಳಬೇಕು
(ಲೆಕ್ಕ ಬರೆಯುತ್ತಿದ್ದವರು)

ಜೂನ್ 28ರ ಸಂಜೆ ಯಜಮಾನರು ನನ್ನನ್ನು ಕರೆದು, "ಮೇಡಂ, 30ಕ್ಕೆ ಮುಚ್ಚುತ್ತಿದ್ದೀನಿ, ಏಳೂ ಜನರ ಲೆಕ್ಕ ಮಾಡಿಕೊಡಿ" ಎಂದರು. ಅವರ ಮನಸ್ಸಿನಲ್ಲಿದ್ದ ಲೆಕ್ಕ ಸಣ್ಣದು. ಜೂನ್ ಸಂಬಳ, ಉಳಿದ ರಜೆಯ ಹಣ, ನೋಟಿಸ್ ಬದಲಿಗೆ ಒಂದು ತಿಂಗಳ ಸಂಬಳ, ಅಷ್ಟೇ.

ನೋಟಿಸ್ ಬಗ್ಗೆ ಅವರು ಹೇಳಿದ್ದು ತಪ್ಪಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳು ಮೊದಲು ನೋಟಿಸ್ ಕೊಡಬೇಕು, ಇಲ್ಲವೇ ಅಷ್ಟು ಸಂಬಳ ಕೊಡಬೇಕು. ಆದರೆ ಅಂಗಡಿಯೇ ಮುಚ್ಚುವಾಗ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ.

ನಮ್ಮ ಕಟಿಂಗ್ ಮಾಸ್ಟರ್ ಲೆಕ್ಕವನ್ನೇ ನೋಡಿ. ತಿಂಗಳಿಗೆ 20,000 ಸಂಬಳ. 11 ವರ್ಷ 8 ತಿಂಗಳ ಕೆಲಸ. ವರ್ಷ ದಾಟಿದ ಕೆಲಸಗಾರನಿಗೆ ಮುಚ್ಚುವಿಕೆಯ ಪರಿಹಾರ ಕೊಡಬೇಕು, ವರ್ಷಕ್ಕೆ 15 ದಿನದ ಸಂಬಳದ ಹಾಗೆ. ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಕೊನೆಯಲ್ಲಿ ಉಳಿದ ತಿಂಗಳು ಆರು ದಾಟಿದ್ದರೆ ಪೂರ್ತಿ ವರ್ಷ ಅಂತ ಹಿಡಿಯಬೇಕು. ಹಾಗಾಗಿ ಮಾಸ್ಟರ್‌ಗೆ 12 ವರ್ಷ, ವರ್ಷಕ್ಕೆ 10,000, ಒಟ್ಟು 1,20,000.

"ನಷ್ಟದಲ್ಲಿ ಮುಚ್ಚುತ್ತಿದ್ದೀನಲ್ಲ, ಲೀಸೂ ಮುಗಿಯಿತು, ಇದೆಲ್ಲ ಯಾಕೆ ಕೊಡಬೇಕು?" ಎಂದು ಯಜಮಾನರು ಕೇಳಿದರು. ಕಾನೂನು ಇದಕ್ಕೂ ಉತ್ತರ ಬರೆದಿಟ್ಟಿದೆ. ಕೈಮೀರಿದ ಕಾರಣಕ್ಕೆ ಮುಚ್ಚಿದರೆ ಪರಿಹಾರಕ್ಕೆ ಮೂರು ತಿಂಗಳ ಸಂಬಳದ ಮಿತಿ ಇದೆ. ಆದರೆ ಬರೀ ನಷ್ಟ ಆಯಿತು, ಲೀಸ್ ಮುಗಿಯಿತು ಅನ್ನುವುದನ್ನು ಕೈಮೀರಿದ ಕಾರಣ ಅಂತ ಅದು ಒಪ್ಪುವುದಿಲ್ಲ.

ಇನ್ನು ಗ್ರಾಚ್ಯುಟಿ. ಹತ್ತು ಜನ ಇದ್ದರೆ ಮಾತ್ರ ಅಲ್ವಾ, ನಮ್ಮಲ್ಲಿ ಏಳೇ ಜನ ಅಂತ ಅವರು ಅಂದುಕೊಂಡಿದ್ದರು. ಆದರೆ ಕೊರೊನಾಕ್ಕೆ ಮೊದಲು ಅಂಗಡಿಯಲ್ಲಿ 11 ಜನ ಇದ್ದರು. ಒಮ್ಮೆ ಆ ಕಾನೂನಿನ ಒಳಗೆ ಬಂದ ಅಂಗಡಿ, ಆಮೇಲೆ ಜನ ಕಡಿಮೆಯಾದರೂ ಹೊರಗೆ ಹೋಗುವುದಿಲ್ಲ. ತಿಂಗಳಿಗೆ 26 ಕೆಲಸದ ದಿನ ಅಂತ 20,000ವನ್ನು 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದ ಹಾಗೆ 15ರಿಂದ, ಆಮೇಲೆ 12 ವರ್ಷಕ್ಕೆ 12ರಿಂದ ಗುಣಿಸಿದರೆ ಸುಮಾರು 1,38,462. ಇದನ್ನು ಪರಿಹಾರದ ಜೊತೆ ಬೇರೆಯಾಗಿಯೇ ಕೊಡಬೇಕು.

ಇಲ್ಲಿ ಎಡವಿದ್ದು ಒಂದು ತಾರೀಕಿನಿಂದ. ನವೆಂಬರ್‌ನಲ್ಲಿ ಸೇರಿದೆ ಅಂತ ಮಾಸ್ಟರ್ ಹೇಳುತ್ತಾರೆ. ಯಜಮಾನರಿಗೆ ಸಂಕ್ರಾಂತಿ ಆದಮೇಲೆ, ಫೆಬ್ರವರಿ ಕೊನೆಗೆ ಅಂತ ನೆನಪು. ಹಳೇ ಹಾಜರಿ ಪುಸ್ತಕ ಮಳೆ ನೀರಿಗೆ ಹಾಳಾಗಿತ್ತು. ಫೆಬ್ರವರಿ ಅಂತಾದರೆ 11 ವರ್ಷ 4 ತಿಂಗಳು, ಅಂದರೆ 11 ವರ್ಷದ್ದೇ ಲೆಕ್ಕ. ಪರಿಹಾರದಲ್ಲಿ 10,000, ಗ್ರಾಚ್ಯುಟಿಯಲ್ಲಿ 11,538 ಕಡಿಮೆಯಾಗುತ್ತದೆ. ಮಾಸ್ಟರ್ ಊರಿಗೆ ಹೋಗಿ ಟ್ರಂಕಿನಲ್ಲಿದ್ದ ಹಳೇ ಪಾಸ್‌ಬುಕ್ ತಂದರು. ಮೊದಲ ಸಂಬಳ ಡಿಸೆಂಬರ್ 5ಕ್ಕೆ ಜಮಾ ಆಗಿತ್ತು. ತಿಂಗಳ ಸಮಯ ಇದ್ದಿದ್ದರೆ ಈ ಕಾಗದ ಮೊದಲೇ ಸಿಗುತ್ತಿತ್ತು. ಎದುರು ಬದುರು ನಿಂತು ವಾದ ಮಾಡುವ ಪ್ರಸಂಗ ಬರುತ್ತಿರಲಿಲ್ಲ.

ಜೂನ್ 1ಕ್ಕೆ ಹೇಳಿದ್ದರೆ ಇನ್ನೊಂದು ಅನುಕೂಲವಿತ್ತು. ಅದು ಶಾಲೆ ಶುರುವಾಗುವ ಹೊತ್ತು, ಯೂನಿಫಾರಂ ಅಂಗಡಿಗಳಿಗೆ ಕೈ ಸಾಲುವುದಿಲ್ಲ. ಒಳ್ಳೇ ಮಾಸ್ಟರ್ ಸಿಕ್ಕರೆ ಕರೆದು ಕೂರಿಸಿಕೊಳ್ಳುತ್ತಾರೆ. ಜುಲೈ ಬಂದರೆ ಸೀಸನ್ ಮುಗಿದಿರುತ್ತದೆ. ಅದಕ್ಕೇ ನಾನು ಹೇಳುವುದು ಇಷ್ಟು: ಒಂದು ಹಾಳೆಯಲ್ಲಿ ಮುಚ್ಚುವ ಕಾರಣ, ಕೊನೇ ಕೆಲಸದ ದಿನ, ಯಾವ ಬಾಕಿ ಯಾವ ತಾರೀಕಿಗೆ ಅಂತ ಕನ್ನಡದಲ್ಲಿ ಬರೆದು, ಅವರವರು ಸೇರಿದ ತಾರೀಕನ್ನೂ ಕಾಣಿಸಿ, ಸಹಿ ತೆಗೆದುಕೊಂಡು, ಒಂದು ಪ್ರತಿ ಅವರಿಗೇ ಕೊಡಬೇಕು. ತಾರೀಕು ತಪ್ಪಿದ್ದರೆ ಅವತ್ತೇ ಗೊತ್ತಾಗುತ್ತದೆ.

ವಿರೋಧ: ಹಣ ಕೈಯಲ್ಲಿದ್ದರೆ ಕೊನೇ ದಿನ ಹೇಳುವುದೇ ಒಳ್ಳೆಯದು
(ಯಜಮಾನರು)

ಮೇಡಂ ಮಾಡಿದ ಲೆಕ್ಕ ಪೂರ್ತಿ ಒಪ್ಪುತ್ತೇನೆ. ಎರಡು ದಿನ ಮೊದಲು ಅವರನ್ನು ಕರೆದದ್ದು ನನ್ನ ತಪ್ಪು. ಮೂರು ತಿಂಗಳು ಮೊದಲೇ ಕೂರಿಸಿಕೊಂಡು ಲೆಕ್ಕ ಮಾಡಿಸಬೇಕಿತ್ತು. ಆದರೆ ಲೆಕ್ಕ ಮೊದಲೇ ಮಾಡುವುದು ಬೇರೆ, ಸುದ್ದಿ ಮೊದಲೇ ಹೇಳುವುದು ಬೇರೆ.

ಕೆಲವು ವರ್ಷದ ಹಿಂದೆ ರಾಜಾಜಿನಗರದಲ್ಲಿದ್ದ ನನ್ನ ಇನ್ನೊಂದು ಅಂಗಡಿ ಮುಚ್ಚುವಾಗ ತಿಂಗಳು ಮೊದಲೇ ಹೇಳಿದ್ದೆ. ಒಂದೇ ವಾರದಲ್ಲಿ ಐದು ಟೈಲರ್‌ಗಳಲ್ಲಿ ಮೂವರು ಹೋದರು. ಅವರದು ತಪ್ಪೇನಿಲ್ಲ, ಹೊಟ್ಟೆಪಾಡು. ಆದರೆ 400 ಜೊತೆ ಯೂನಿಫಾರಂ ಕಟ್ ಆಗಿ ಹೊಲಿಗೆಗೆ ಕಾಯುತ್ತಿತ್ತು. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗೆ ಸುದ್ದಿ ಮುಟ್ಟಿತು. ಮೂರು ಕಂತಲ್ಲಿ ಕೊಡಬೇಕಿದ್ದ ಬಾಕಿಯನ್ನು ಅವರು ಅಂಗಡಿಯಲ್ಲೇ ಕೂತು ಒಂದೇ ಸಲ ಕೇಳಿದರು. ಅಡ್ವಾನ್ಸ್ ಕೊಟ್ಟಿದ್ದ ಪೋಷಕರೂ ಬಂದರು. ಆ 400 ಜೊತೆ ಮಾರಿ ಬರುವ ಹಣದಲ್ಲೇ ಕೆಲಸದವರ ಲೆಕ್ಕ ಚುಕ್ತಾ ಮಾಡಬೇಕು ಅಂತಿದ್ದೆ. ಅದು ಬಟ್ಟೆಯವರಿಗೆ ಹೋಯಿತು. ಕೊನೆಯವರೆಗೂ ನನ್ನ ಜೊತೆ ನಿಂತ ಇಬ್ಬರು ಟೈಲರ್‌ಗಳಿಗೇ ಬಾಕಿ ಕೊಡಲು ನಾಲ್ಕು ತಿಂಗಳು ತಡವಾಯಿತು. ಅದು ಇವತ್ತಿಗೂ ನನಗೆ ನೋವು.

ಅದಕ್ಕೇ ಈ ಸಲ ಬಾಯಿ ಬಿಡಲಿಲ್ಲ. ನಮ್ಮಂಥ ಅಂಗಡಿ ಮುಚ್ಚಲು ಸರ್ಕಾರಕ್ಕೆ 60 ದಿನ ಮೊದಲು ಹೇಳಬೇಕಿಲ್ಲ. ಆ ನಿಯಮ ಐವತ್ತು ಮತ್ತು ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದ ಕಡೆಗೆ. ನಮ್ಮ ಮೇಲಿರುವುದು ಮುಚ್ಚಿದ ವಿಷಯವನ್ನು ಕಾರ್ಮಿಕ ನಿರೀಕ್ಷಕರಿಗೆ ಬರಹದಲ್ಲಿ ತಿಳಿಸುವ ಕೆಲಸ, ಅದನ್ನು ಮಾಡಿದ್ದೇನೆ. ಕೆಲಸದವರ ವಿಷಯದಲ್ಲಿ ನೋಟಿಸ್ ಅಥವಾ ಸಂಬಳ ಎಂದು ಕಾನೂನೇ ಎರಡು ದಾರಿ ಕೊಟ್ಟಿದೆ. ನೋಟಿಸ್ ತಿಂಗಳಲ್ಲಿ ಮನುಷ್ಯ ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಮಷೀನ್ ಮುಂದೆ ಕೂತಿರುತ್ತಾನೆ. ಬೇರೆ ಕೆಲಸ ಯಾವಾಗ ಹುಡುಕುವುದು? ಸಂಬಳ ಕೊಟ್ಟು ಕಳಿಸಿದರೆ ಪೂರ್ತಿ ಮೂವತ್ತು ದಿನ ಅವನದೇ. ಸೀಸನ್ ಮುಗಿದಿತ್ತು ಅನ್ನುವ ಮೇಡಂ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಲೀಸ್ ಮುಗಿಯುವ ತಾರೀಕು ನನ್ನ ಕೈಯಲ್ಲಿರಲಿಲ್ಲ.

ಆದರೆ ಈ ದಾರಿಗೆ ಒಂದು ಷರತ್ತಿದೆ. ಹಣ ಅವತ್ತೇ ಕೈಯಲ್ಲಿರಬೇಕು. ಬೆಂಗಳೂರಲ್ಲಿ ಸಣ್ಣ ಅಂಗಡಿಯವರು ನಂಬಿ ಕೂರುವುದು ಕಟ್ಟಡದ ಅಡ್ವಾನ್ಸ್ ಮೇಲೆ. ನನ್ನದು ತಿಂಗಳಿಗೆ 45,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್, 4,50,000. ಬೀಗದ ಕೈ ಕೊಡದೆ ಅದು ವಾಪಸ್ ಬರುವುದಿಲ್ಲ. ಪೇಂಟಿಂಗ್‌ಗೆ ಇಷ್ಟು, ಕರೆಂಟ್ ಬಿಲ್‌ಗೆ ಇಷ್ಟು ಅಂತ ಹಿಡಿದುಕೊಂಡು ಓನರ್ ಕೊಟ್ಟದ್ದು ಜುಲೈ 19ಕ್ಕೆ. ಸಂಬಳದ ಬಾಕಿಯನ್ನೋ ಎರಡು ಕೆಲಸದ ದಿನದೊಳಗೆ ಕೊಡಬೇಕು. ಅದಕ್ಕಾಗಿ ಮೇ ತಿಂಗಳಿಂದಲೇ ಎರಡು ತಿಂಗಳ ಸಂಬಳ, ಉಳಿದ ರಜೆಯ ಹಣ ಬೇರೆ ಖಾತೆಯಲ್ಲಿ ತೆಗೆದಿಟ್ಟಿದ್ದೆ. ಪರಿಹಾರದ ಹಣವನ್ನು ತಮ್ಮನ ಹತ್ತಿರ ಸಾಲ ತಂದು ಕೊಟ್ಟೆ. ಗ್ರಾಚ್ಯುಟಿಗೆ 30 ದಿನ ಸಮಯ ಇರುತ್ತದೆ, ಅದನ್ನು ಅಡ್ವಾನ್ಸ್ ಬಂದಮೇಲೆ ಕೊಟ್ಟೆ. ಕೈಯಲ್ಲಿ ಹಣ ಇಲ್ಲದೆ ಕೊನೇ ದಿನದವರೆಗೆ ಸುಮ್ನೆ ಇದ್ದು, ಮಾರನೇ ದಿನ ಶಟರ್ ಎಳೆದು ಫೋನ್ ಆಫ್ ಮಾಡುವವರ ಪರವಾಗಿ ನಾನು ಮಾತಾಡುತ್ತಿಲ್ಲ. ಅಂಥವರ ಮೇಲೆ ಕೆಲಸದವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ದೂರು ಕೊಡಲೇಬೇಕು.

ಜುಲೈ 21ಕ್ಕೆ ಮಾಸ್ಟರ್ ಮನೆಗೆ ಹೋಗಿ ಗ್ರಾಚ್ಯುಟಿ ಚೆಕ್ ಕೊಟ್ಟೆ, 12 ವರ್ಷದ ಲೆಕ್ಕದಲ್ಲೇ. ಜೊತೆಗೆ ಕೆಲಸದ ಅನುಭವದ ಪತ್ರವನ್ನೂ ಕೊಟ್ಟೆ. ಅವರು ಚೆಕ್ ಪಕ್ಕಕ್ಕಿಟ್ಟು ಮೊದಲು ಪತ್ರ ಓದಿದರು. ಸೇರಿದ ತಿಂಗಳು ನವೆಂಬರ್ ಅಂತಲೇ ಇದೆಯಾ ಅಂತ ನೋಡಿದರು.