ನೂರು ಲೀಟರಿಗೆ ತುತ್ತ ಎಷ್ಟು?

ಭಾನುವಾರ ತೀರ್ಥಹಳ್ಳಿ ಕಡೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಡ್ರಮ್ಮು, ಸುಣ್ಣದ ಚೀಲ, ದೋಟಿ ಎಲ್ಲ ರೆಡಿ. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋಕೆ ಜನ ಬಂದು ಕೂತಿದ್ದಾರೆ. ಚಿಕ್ಕಪ್ಪ ಒದ್ದೆ ಕೈಯಲ್ಲೇ ಫೋನ್ ಹಿಡಿದು, "ನೂರು ಲೀಟರ್ ನೀರಿಗೆ ತುತ್ತ ಎಷ್ಟು ಸುಣ್ಣ ಎಷ್ಟು" ಅಂತ ಕೇಳಿದರು. ಫೋನ್ ಅದನ್ನು ಕನ್ನಡ ಅಕ್ಷರದಲ್ಲಿ ನೀಟಾಗಿ ಬರೆದುಕೊಂಡಿತು. ಆಮೇಲೆ ಬಂದದ್ದು "ಅಡಿಕೆ ಕೃಷಿಯಲ್ಲಿ ಶಿಲೀಂಧ್ರ ರೋಗಗಳ ಸಮಗ್ರ ನಿರ್ವಹಣೆ: ಒಂದು ಅವಲೋಕನ". ಒಳಗೆ ಹೋದರೆ ಅಡಿಕೆಯ ಇತಿಹಾಸ, ಆರ್ಥಿಕ ಮಹತ್ವ, ಶಿಲೀಂಧ್ರದ ಲ್ಯಾಟಿನ್ ಹೆಸರು. ಚಿಕ್ಕಪ್ಪನಿಗೆ ಬೇಕಾಗಿದ್ದ ಆ ಎರಡು ಅಂಕಿ ಒಂದು ಚಿತ್ರದ ಮೇಲೆ, ಹಸಿರು ಹಿನ್ನೆಲೆಯಲ್ಲಿ ಹಳದಿ ಅಕ್ಷರದಲ್ಲಿ ಇದ್ದವು. "ನೋಡು ಮಾರಾಯ್ತಿ, ನೀವೆಲ್ಲ ಬರೆಯೋದು ಯಾರಿಗೆ?" ಅಂದರು.

ನಾನು ಹೊಟ್ಟೆಪಾಡಿಗೆ ಏನು ಮಾಡ್ತೀನಿ ಅಂತ ನಿಮಗೆ ಗೊತ್ತೇ ಇದೆ. ಕೃಷಿ ವೆಬ್‌ಸೈಟುಗಳಿಗೆ ಬರೆಯೋಳು. ಹಾಗಾಗಿ ಮಾತು ಚುಚ್ಚಿತು. ನಿಜ ಹೇಳಬೇಕು ಅಂದ್ರೆ, ಆ ಲೇಖನ ನಮ್ಮ ಸೈಟಿನದ್ದಲ್ಲ ಅಂತ ಒಳಗೊಳಗೇ ಖುಷಿಯೂ ಆಯಿತು.

ಗೂಗಲ್ ಕನ್ನಡದಲ್ಲಿ ಮಾತಾಡಿ ಹುಡುಕೋ ಸೌಲಭ್ಯ ಕೊಟ್ಟಿದ್ದು 2017ರಲ್ಲಿ. ಇಷ್ಟು ವರ್ಷ ಜನ ಮಾತಾಡಿ ಕೇಳ್ತಿದ್ದಾರೆ, ನಾವು ಮಾತ್ರ ಇನ್ನೂ ಸೆಮಿನಾರಿಗೆ ಪ್ರಬಂಧ ಬರೀತಿದ್ದೀವಿ. ಟೈಪ್ ಮಾಡೋವಾಗ ಮನುಷ್ಯ ಜಿಪುಣ. "ಅಡಿಕೆ ಕೊಳೆರೋಗ" ಅಂತ ಎರಡೇ ಪದ ಹಾಕಿ ಬಿಡ್ತಾನೆ. ಬಾಯಲ್ಲಿ ಕೇಳೋವಾಗ ಪೂರ್ತಿ ಪ್ರಶ್ನೆ ಬರುತ್ತೆ. ಎಷ್ಟು, ಯಾವಾಗ, ಹೊಡೆದ ಮೇಲೆ ಮಳೆ ಬಂದ್ರೆ ಏನ್ ಮಾಡೋದು. ಆ ಪ್ರಶ್ನೆ ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲದಿದ್ದರೆ, ಉತ್ತರ ಆರನೇ ಪ್ಯಾರಾದಲ್ಲಿ ಹೂತುಹೋಗಿದ್ದರೆ, ಪಾಪ ಫೋನ್ ಆದರೂ ಏನನ್ನು ಎತ್ತಿ ಓದಬೇಕು?

ಆ ಲೇಖನವನ್ನೇ ತಗೊಳ್ಳಿ. ನಾನಾಗಿದ್ದರೆ ತಲೆಬರಹ ಹೀಗಿಡ್ತಿದ್ದೆ: "ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: 100 ಲೀಟರ್‌ಗೆ ತುತ್ತ ಎಷ್ಟು, ಸುಣ್ಣ ಎಷ್ಟು?" ಅದರ ಕೆಳಗೆ ಮೊದಲ ಸಾಲಿನಲ್ಲೇ ಉತ್ತರ: "ಶೇಕಡಾ ಒಂದರ ಬೋರ್ಡೋ ದ್ರಾವಣ 100 ಲೀಟರ್ ಮಾಡಲು 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೇಕು." ಈ ಸಾಲನ್ನು ಕಿತ್ತು ಬೇರೆ ಎಲ್ಲಿ ಇಟ್ಟರೂ ಅರ್ಥ ಆಗುತ್ತೆ, ಗಮನಿಸಿ. "ಇದಕ್ಕೆ ಎರಡೂ ಸಮ ಪ್ರಮಾಣದಲ್ಲಿ ಬೇಕು" ಅಂತ ಬರೆದಿದ್ದರೆ? ಪುಟ ನೋಡ್ತಾ ಇರೋನಿಗೆ ಗೊತ್ತಾಗುತ್ತೆ. ಫೋನ್ ಅದೊಂದೇ ಸಾಲು ಓದಿದಾಗ ಕೇಳೋನಿಗೆ ಯಾವುದಕ್ಕೆ, ಯಾವ ಎರಡು, ಒಂದೂ ತಿಳಿಯಲ್ಲ. "ಮೇಲೆ ತಿಳಿಸಿದಂತೆ" ಅನ್ನೋದೂ ಅಷ್ಟೇ. ಕಿವಿಗೆ ಮೇಲೆ ಕೆಳಗೆ ಅಂತ ಇರಲ್ಲ.

ಆಮೇಲೆ ಮುಂದಿನ ಪ್ರಶ್ನೆಗಳು, ಜನ ಕೇಳೋ ಕ್ರಮದಲ್ಲೇ. "ಹೇಗೆ ಬೆರೆಸಬೇಕು?" ತುತ್ತವನ್ನು 50 ಲೀಟರ್ ನೀರಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. "ಸರಿ ಆಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ?" ಹೊಳೆಯೋ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. "ಯಾವಾಗ ಹೊಡೀಬೇಕು?" ಮುಂಗಾರು ಹಿಡಿಯೋ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಒಂದೊಂದು ಪ್ರಶ್ನೆಯೂ ಉಪತಲೆಬರಹ, ಕೆಳಗೆ ಎರಡು ಮೂರು ವಾಕ್ಯ. ಇತಿಹಾಸ ಬರೆಯಲೇಬೇಕು ಅಂತ ಕೈ ತುರಿಸಿದರೆ ಕೊನೆಯಲ್ಲಿ ಬರೆದುಕೊಳ್ಳಿ, ಯಾರು ಬೇಡ ಅಂದರು?

ಇನ್ನು ಚಿತ್ರದ ಮೇಲೆ ಅಕ್ಷರ ಬರೆಯೋ ಚಟ. ಫೇಸ್‌ಬುಕ್ ಗೋಡೆ ತುಂಬ ಹಂಚೋಕೆ ಚೆನ್ನಾಗಿರುತ್ತೆ, ಒಪ್ಪಿದೆ. ಆದರೆ ಅದೇ ಮಾತು ಕೆಳಗೆ ಅಕ್ಷರದಲ್ಲೂ ಇರಬೇಕು ಅಲ್ವಾ? ಇದಕ್ಕಿಂತ ಕೆಟ್ಟದ್ದು ಹಳೇ ನುಡಿ ಫಾಂಟಿನ ಪಿಡಿಎಫ್‌ಗಳು. ಎಷ್ಟೋ ಒಳ್ಳೊಳ್ಳೆ ಕೃಷಿ ಕೈಪಿಡಿಗಳು ಅದರಲ್ಲೇ ಸಿಕ್ಕಿಬಿದ್ದಿವೆ. ಕಣ್ಣಿಗೆ ಕಾಣೋದು "ಅಡಿಕೆ", ಫೈಲಿನ ಒಳಗೆ ಇರೋದು `CrPÉ`. ಅನುಮಾನ ಇದ್ದರೆ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ ನೋಡಿ. ಕನ್ನಡ ಬಂತಾ, ಯೂನಿಕೋಡ್. ಇಂಥ ಕಲಸುಮೇಲೋಗರ ಬಂತಾ, ಹುಡುಕೋರಿಗೆ ಅದು ಸಿಗೋದು ಕಷ್ಟ.

ಈ ನಡುವೆ ಒಬ್ಬ ತರಬೇತುದಾರರು ನಮಗೆಲ್ಲ ಪಾಠ ಮಾಡಿದರು. ಧ್ವನಿ ಹುಡುಕಾಟಕ್ಕೆ `speakable` ಅನ್ನೋ ಟ್ಯಾಗ್ ಹಾಕಿ, ಎಲ್ಲ ಸರಿಹೋಗುತ್ತೆ ಅಂತ. ಸಾರ್, ಗೂಗಲ್‌ನ ಸ್ವಂತ ವಿವರಣೆ ಓದಿ. ಅದು ಅಮೆರಿಕದಲ್ಲಿ ಇಂಗ್ಲಿಷ್‌ಗೆ ಸೆಟ್ ಮಾಡಿದ ಸ್ಪೀಕರ್‌ಗಳಿಗೆ, ಇಂಗ್ಲಿಷ್ ಬರಹಗಳಿಗೆ ಮಾಡಿದ್ದು. ತೀರ್ಥಹಳ್ಳಿಗೆ ಏನು ಬಂತು? ಪ್ರಶ್ನೋತ್ತರದ ಟ್ಯಾಗ್ ಬಗ್ಗೆಯೂ ಭಾಷಣ ಆಯಿತು. ಅದರಿಂದ ಹುಡುಕಾಟದಲ್ಲಿ ಸಿಗ್ತಿದ್ದ ವಿಶೇಷ ಜಾಗವನ್ನು 2023ರಲ್ಲೇ ಹೆಸರುವಾಸಿ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಮಾತ್ರ ಸೀಮಿತ ಮಾಡಿದರು. ಪ್ರಶ್ನೆ ಬರೀರಿ, ಉತ್ತರ ಬರೀರಿ. ಟ್ಯಾಗ್ ಹಿಂದೆ ಬಿದ್ದು ಪ್ರಯೋಜನ ಇಲ್ಲ.

ಅವರದ್ದೇ ಇನ್ನೊಂದು ಸಲಹೆ: ಲೇಖನದ ಕೆಳಗೆ `adike kole roga aushadhi` ಅಂತ ಇಂಗ್ಲಿಷ್ ಅಕ್ಷರದಲ್ಲಿ ಸುರಿಯಿರಿ. ಟೈಪ್ ಮಾಡೋರಿಗೆ ಅದು ಇರಲಿ ಬಿಡಿ. ಆದರೆ ಫೋನಿನ ಧ್ವನಿ ಭಾಷೆ ಕನ್ನಡ ಅಂತ ಇಟ್ಟು ಕೇಳಿದರೆ ಪ್ರಶ್ನೆ ಬರೋದು ಕನ್ನಡ ಅಕ್ಷರದಲ್ಲಿ. ಧ್ವನಿ ಭಾಷೆ ಇಂಗ್ಲಿಷ್‌ನಲ್ಲೇ ಇದ್ದರೆ ಕನ್ನಡದ ಮಾತನ್ನು ಫೋನ್ ಏನೇನೋ ಇಂಗ್ಲಿಷ್ ಪದ ಮಾಡಿಬಿಡುತ್ತೆ. ಅದಕ್ಕೆ ಯಾವ ಬರಹವೂ ಮದ್ದಲ್ಲ, ಸೆಟ್ಟಿಂಗ್ಸ್ ಬದಲಿಸಬೇಕು ಅಷ್ಟೇ.

"ಮೊದಲ ಸಾಲಲ್ಲೇ ಉತ್ತರ ಕೊಟ್ಟರೆ ಸೈಟಿಗೆ ಯಾರು ಬರ್ತಾರೆ?" ಅಂತ ನಮ್ಮ ಸಂಪಾದಕರು ಕೇಳ್ತಾರೆ. ನನ್ನ ಸಂಬಳವೂ ಆ ಕ್ಲಿಕ್ಕಿನಿಂದಲೇ ಬರೋದು, ಗೊತ್ತು. ಆದರೆ ಡ್ರಮ್ಮಿನ ಮುಂದೆ ನಿಂತೋನು ಉತ್ತರ ಬಚ್ಚಿಟ್ಟರೂ ನಿಮ್ಮ ಪುಟ ಓದಲ್ಲ, ಬೈದು ಮುಂದಿನದಕ್ಕೆ ಹೋಗ್ತಾನೆ. ಬೆರೆಸೋದು ಹೇಗೆ ಅಂತ ಬೇಕಾದೋನು ಹೇಗೂ ಒಳಗೆ ಬರ್ತಾನೆ.

ಪ್ರಶ್ನೆ ಎಲ್ಲಿಂದ ತರೋದು ಅಂತ ಕೇಳಿದರೆ, ಸೈಟ್ ಇರೋರು ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಕ್ವೆರಿಗಳ ಫಿಲ್ಟರ್ ತೆಗೆದು `Custom (regex)` ಆರಿಸಿ ಇದನ್ನು ಹಾಕಿ:

```
ಎಷ್ಟು|ಯಾವಾಗ|ಹೇಗೆ|ಹೆಂಗೆ|ಬೇಕು
```

ಮಾತಾಡಿ ಕೇಳಿದ್ದೋ, ಟೈಪ್ ಮಾಡಿದ್ದೋ ಅಂತ ಅದು ಬೇರೆ ಮಾಡಿ ತೋರಿಸಲ್ಲ. ತೀರಾ ಅಪರೂಪದ ಪ್ರಶ್ನೆಗಳನ್ನು ಮುಚ್ಚಿಡುತ್ತೆ. ಆದರೂ ಉದ್ದುದ್ದ ಪ್ರಶ್ನೆಗಳು ಬಾಯಿಂದ ಬಂದ ಹಾಗೇ ಕಂಡರೆ ಊಹೆ ಮಾಡಬಹುದು. ತುಂಬಾ ಸಲ ಕಾಣಿಸಿಕೊಂಡೂ ಯಾರೂ ಒತ್ತದ ಪ್ರಶ್ನೆ ಇದೆಯಾ? ಆ ಪುಟದ ತಲೆಬರಹ ಮತ್ತು ಮೊದಲ ಸಾಲು ನೋಡಿ. ನಾನು ನೋಡಿದ ಮಟ್ಟಿಗೆ ಅಲ್ಲಿ "ಅವಲೋಕನ" ಕೂತಿರುತ್ತೆ.

ಹಾಗಂತ ಇಡೀ ಲೇಖನವನ್ನು ಆಡುಮಾತಲ್ಲೇ ಬರೀರಿ ಅಂತಿಲ್ಲ. ಶುರು ಮಾಡಬೇಡಿ, ಕನ್ನಡ ಕೆಟ್ಟಿತು ಅಂತ. ಉತ್ತರ ಶಿಷ್ಟವಾಗೇ ಇರಲಿ. ಪ್ರಶ್ನೆ ಮಾತ್ರ ಜನರದ್ದಾಗಿರಲಿ.

ಒಂದು ಸಹಾಯ ಮಾಡಿ. ನಿಮ್ಮ ಮನೆಯಲ್ಲಿ ಅಮ್ಮ, ಮಾವ, ಅಜ್ಜಿ ಫೋನಿಗೆ ಏನು ಕೇಳಿದರು ಅಂತ ಕಾಮೆಂಟಲ್ಲಿ ಹಾಕಿ. ಅವರು ಹೇಳಿದ ಹಾಗೇ ಹಾಕಿ, ದಯವಿಟ್ಟು ತಿದ್ದಬೇಡಿ. ಮುಂದಿನ ವಾರ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಬರೀಬೇಕು, ನನಗೆ ಪ್ರಶ್ನೆ ಬೇಕು.